ಶೇ 10 ಫ್ಲಾಟ್, ಶೇ 13 ರೆಡ್ಯೂಸಿಂಗ್: ಯಾವುದು ಅಗ್ಗ?

ಪ್ರಶ್ನೆ: ಹಳೆಯ ಲಗೇಜ್ ಆಟೊ ಕೊಳ್ಳಲು 1,20,000 ರೂಪಾಯಿ ಸಾಲ ಬೇಕು, ಅವಧಿ ಮೂರು ವರ್ಷ. ಫೈನಾನ್ಸ್‌ನವರು ಶೇ 10 ಫ್ಲಾಟ್ ಎನ್ನುತ್ತಾರೆ, ಬ್ಯಾಂಕಿನವರು ಶೇ 13 ರೆಡ್ಯೂಸಿಂಗ್ ಎನ್ನುತ್ತಾರೆ. ಬಡ್ಡಿ ಕಡಿಮೆ ಇರುವ ಕಡೆಯೇ ತೆಗೆದುಕೊಳ್ಳಲೇ?

ಬಡ್ಡಿ ಕಡಿಮೆ ಇರುವುದು ಬ್ಯಾಂಕಿನಲ್ಲಿ. ನಾನೂ ಹಿಂದೊಮ್ಮೆ ಇಷ್ಟೇ ಮೊತ್ತಕ್ಕೆ, ಇಷ್ಟೇ ಅವಧಿಗೆ, ಶೇ 10ರ ಫ್ಲಾಟ್ ದರದಲ್ಲಿ ಒಂದು ಖಾಸಗಿ ಫೈನಾನ್ಸ್‌ನಿಂದ ಸಾಲ ಪಡೆದಿದ್ದೆ. ದರಗಳೆರಡನ್ನು ಅಕ್ಕಪಕ್ಕ ಇಟ್ಟು ನೋಡಿದೆನೇ ಹೊರತು, ಆ ದರವನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ ಎಂದು ಕೇಳಲಿಲ್ಲ. ನನಗೆ ನಷ್ಟವಾದದ್ದು ಅಲ್ಲಿಯೇ.

ಅವರ ಲೆಕ್ಕ ಹೀಗಿತ್ತು: 1,20,000ಕ್ಕೆ ವರ್ಷಕ್ಕೆ 12,000 ಬಡ್ಡಿ, ಮೂರು ವರ್ಷಕ್ಕೆ 36,000, ಅಸಲು ಸೇರಿಸಿ 36 ತಿಂಗಳಿಗೆ ಹಂಚಿದರೆ ಕಂತು 4,333 ರೂಪಾಯಿ. ಪ್ರತಿ ಕಂತಿನಲ್ಲೂ ನಾನು ಅಸಲಿನ ಒಂದು ಭಾಗವನ್ನು ಹಿಂದಿರುಗಿಸುತ್ತಿದ್ದರೂ, ಬಡ್ಡಿ ಮಾತ್ರ ಪೂರ್ತಿ 1,20,000 ನನ್ನ ಕೈಯಲ್ಲೇ ಇದೆಯೆಂಬಂತೆ ತಿಂಗಳಿಗೆ 1,000 ರೂಪಾಯಿಯಂತೆ ಕೊನೆಯವರೆಗೂ ನಡೆಯಿತು. ಅದೇ ಶೇ 10 ರೆಡ್ಯೂಸಿಂಗ್ ಆಗಿದ್ದರೆ ಉಳಿದ ಅಸಲಿಗಷ್ಟೇ ಬಡ್ಡಿ ಬೀಳುತ್ತಿತ್ತು: ಮೊದಲ ತಿಂಗಳು ಅದೇ 1,000, ಆದರೆ ಕೊನೆಯ ತಿಂಗಳು ಸುಮಾರು 32 ರೂಪಾಯಿ. ಆಗ ಕಂತು 3,872, ಒಟ್ಟು ಬಡ್ಡಿ ಸುಮಾರು 19,400 ರೂಪಾಯಿ ಆಗುತ್ತಿತ್ತು. ಸಾಲದ ಅವಧಿಯುದ್ದಕ್ಕೂ ನಮ್ಮ ಬಳಿ ಸರಾಸರಿ ಉಳಿಯುವುದು ಮೂಲ ಮೊತ್ತದ ಅರ್ಧದಷ್ಟು ಹಣ ಮಾತ್ರವಾದ್ದರಿಂದ ಫ್ಲಾಟ್ ದರದ ಭಾರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ನಿಜವಾದ ದರವನ್ನು ಎಕ್ಸೆಲ್‌ನಲ್ಲಿ ನೀವೇ ನೋಡಬಹುದು:

```
=RATE(36,-4333,120000)*12
```

ಉತ್ತರ ಸುಮಾರು ಶೇ 17.9 ಬರುತ್ತದೆ. ನಿಮ್ಮ ಬ್ಯಾಂಕಿನ ಶೇ 13ಕ್ಕೆ ಕಂತು 4,043, ಒಟ್ಟು ಬಡ್ಡಿ ಸುಮಾರು 25,560 ರೂಪಾಯಿ. ಅಂದರೆ ಫೈನಾನ್ಸ್‌ನ ಸಾಲ ನಿಮಗೆ ಹತ್ತು ಸಾವಿರಕ್ಕೂ ಹೆಚ್ಚು ದುಬಾರಿ.

ಪ್ರೊಸೆಸಿಂಗ್ ಶುಲ್ಕ, ವಿಮೆಗಳನ್ನು ಸಾಲದ ಹಣದಲ್ಲೇ ಮುರಿದುಕೊಂಡರೆ ಲೆಕ್ಕ ಇನ್ನೂ ಕೆಡುತ್ತದೆ, ಏಕೆಂದರೆ ಕೈಗೆ ಬಾರದ ಹಣಕ್ಕೂ ಬಡ್ಡಿ ಕಟ್ಟಬೇಕಾಗುತ್ತದೆ. ಆದ್ದರಿಂದ ಸಹಿ ಹಾಕುವ ಮೊದಲು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2024ರ ನಿಯಮದ ಪ್ರಕಾರ ಬ್ಯಾಂಕುಗಳೂ ನೋಂದಾಯಿತ ಫೈನಾನ್ಸ್ ಕಂಪನಿಗಳೂ ಇಂತಹ ಸಾಲಗಳಿಗೆ ಅದನ್ನು ಕೊಡಲೇಬೇಕು, ಮತ್ತು ಅದರಲ್ಲಿ ಶುಲ್ಕಗಳನ್ನೂ ಸೇರಿಸಿಕೊಂಡ ವಾರ್ಷಿಕ ದರ, ಅಂದರೆ ಎಪಿಆರ್, ಇರುತ್ತದೆ. ಹೋಲಿಸಬೇಕಾದದ್ದು ಆ ಎರಡು ಎಪಿಆರ್‌ಗಳನ್ನು.

ಫ್ಲಾಟ್ ಎಂದ ಮಾತ್ರಕ್ಕೆ ಸಾಲ ಬೇಡವೆಂದು ನಾನು ಹೇಳುತ್ತಿಲ್ಲ. ಫೈನಾನ್ಸ್‌ನವರು ಇದೇ ಮೊತ್ತವನ್ನು ಇದೇ ಅವಧಿಗೆ, ಬೇರೆ ಶುಲ್ಕವಿಲ್ಲದೆ, ಶೇ 7 ಫ್ಲಾಟ್‌ಗೆ ಇಳಿಸಿದರೆ ಒಟ್ಟು ಬಡ್ಡಿ 25,200 ಆಗಿ ಬ್ಯಾಂಕಿಗೆ ಸರಿಸಮನಾಗುತ್ತದೆ. ಅದಕ್ಕಿಂತ ಮೇಲಿನ ಯಾವ ಫ್ಲಾಟ್ ದರಕ್ಕೂ ನೀವು ಒಪ್ಪಬೇಕಾಗಿಲ್ಲ.