ನೀತಿಶಾಸ್ತ್ರ ಪತ್ರಿಕೆಯ ಸಮಯದ ಚೀಟಿ: ಮೊದಲು ಓದುವ ನಿಮಿಷಗಳನ್ನು ಕಳೆಯಿರಿ

ಪ್ರಶ್ನೆ: ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುತ್ತೇನೆ. ಸಾಮಾನ್ಯ ಅಧ್ಯಯನ 4ನೇ ಪತ್ರಿಕೆಯ ಅಭ್ಯಾಸ ಪರೀಕ್ಷೆಗಳಲ್ಲಿ ‘ಎ’ ವಿಭಾಗಕ್ಕೇ ಎರಡು ಗಂಟೆ ಹೋಗುತ್ತದೆ, ಕೊನೆಯ ಎರಡು ಕೇಸ್ ಸ್ಟಡಿ ಖಾಲಿ ಉಳಿಯುತ್ತವೆ. ಯಾವ ವಿಭಾಗಕ್ಕೆ ಎಷ್ಟು ನಿಮಿಷ ಇಡಬೇಕು?

ಉತ್ತರ: ಇದೇ ದೂರು ಪ್ರತಿ ವರ್ಷ ಬರುತ್ತದೆ. ಬರೆದವರಲ್ಲಿ ಹೆಚ್ಚಿನವರ ಬಳಿ ಯಾವುದೋ ತರಬೇತಿ ಕೇಂದ್ರ ಅಚ್ಚು ಹಾಕಿಸಿ ಕೊಟ್ಟ ಸಮಯದ ಚೀಟಿ ಇದ್ದೇ ಇರುತ್ತದೆ. ಆ ಚೀಟಿಗಳ ಲೆಕ್ಕ ಇಷ್ಟೇ: 180 ನಿಮಿಷವನ್ನು 250 ಅಂಕಕ್ಕೆ ಭಾಗಿಸಿ, ಅಂಕಕ್ಕೆ 0.72 ನಿಮಿಷ ಎಂದು ಬರೆದು, ಹತ್ತು ಅಂಕಕ್ಕೆ ಏಳು ಚಿಲ್ಲರೆ ನಿಮಿಷ, ಇಪ್ಪತ್ತು ಅಂಕಕ್ಕೆ ಹದಿನಾಲ್ಕು ಚಿಲ್ಲರೆ ನಿಮಿಷ ಎಂದು ಹಂಚುವುದು. ಭಾಗಾಕಾರ ಸರಿಯಾಗಿದೆ, ಆದರೆ ಪ್ರಶ್ನೆ ಓದುವುದಕ್ಕೂ ಸಮಯ ಬೇಕೆಂಬುದು ಅದರಲ್ಲಿ ಎಲ್ಲಿಯೂ ಇಲ್ಲ. ಇಂಥ ಚೀಟಿಯನ್ನು ದುಡ್ಡು ತೆಗೆದುಕೊಂಡು ಮಾರುವವರ ಬಗ್ಗೆ ನನಗೆ ಸಹನೆಯಿಲ್ಲ.

ಇತ್ತೀಚಿನ ವರ್ಷಗಳ ಮಾದರಿಯಲ್ಲಿ ‘ಎ’ ವಿಭಾಗದಲ್ಲಿ ಹತ್ತು ಅಂಕದ 13 ಉಪಪ್ರಶ್ನೆಗಳಿವೆ, ಒಟ್ಟು 130 ಅಂಕ. ‘ಬಿ’ ವಿಭಾಗದಲ್ಲಿ ಇಪ್ಪತ್ತು ಅಂಕದ ಆರು ಕೇಸ್ ಸ್ಟಡಿಗಳು, ಒಟ್ಟು 120 ಅಂಕ. ‘ಎ’ ವಿಭಾಗದ ಪ್ರಶ್ನೆಯನ್ನು ಓದಲು ಅರ್ಧ ನಿಮಿಷ ಸಾಕು. ಆದರೆ ಒಂದು ಕೇಸ್ ಸ್ಟಡಿ ಮುಕ್ಕಾಲು ಪುಟದಷ್ಟು ಇರುತ್ತದೆ, ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಬರುತ್ತದೆ. ಕನ್ನಡದಲ್ಲಿ ಬರೆಯುವವರು ಅದನ್ನು ಇಂಗ್ಲಿಷಿನಲ್ಲಿ ಓದಿ, ಯಾರು ಯಾರಿಗೆ ಏನು ಹೊಣೆ ಎಂಬುದನ್ನು ತಲೆಯಲ್ಲಿ ಕನ್ನಡಕ್ಕೆ ತಂದುಕೊಳ್ಳಬೇಕು. ಇದಕ್ಕೆ ಎರಡೂವರೆ ನಿಮಿಷ ಹಿಡಿಯುತ್ತದೆ ಎಂದು ಇಟ್ಟುಕೊಳ್ಳೋಣ. ನಿಮ್ಮದು ಮೂರಾದರೆ ಮೂರನ್ನೇ ಹಾಕಿ ಲೆಕ್ಕ ಮಾಡಿ.

ಈಗ ಕಳೆಯುತ್ತ ಬನ್ನಿ. ಆರಂಭದಲ್ಲಿ ಪುಸ್ತಿಕೆಯನ್ನು ತಿರುವಿ ನೋಡಲು 3 ನಿಮಿಷ, ಕೊನೆಯಲ್ಲಿ ಕಾಯ್ದಿರಿಸಲು 5 ನಿಮಿಷ ತೆಗೆದರೆ 172 ಉಳಿಯುತ್ತದೆ. ಆರು ಕೇಸ್‌ಗಳ ಓದಿಗೆ 15 ನಿಮಿಷ, ಹದಿಮೂರು ಪ್ರಶ್ನೆಗಳ ಓದಿಗೆ ಆರೂವರೆ ನಿಮಿಷ ಹೋದ ಮೇಲೆ ಅಂಕ ಗಳಿಸಲು ಉಳಿಯುವುದು ಸುಮಾರು 150 ನಿಮಿಷ ಮಾತ್ರ. ಅದನ್ನು 250 ಅಂಕಕ್ಕೆ ಹಂಚಿದರೆ ಹತ್ತು ಅಂಕಕ್ಕೆ 6 ನಿಮಿಷ, ಇಪ್ಪತ್ತು ಅಂಕಕ್ಕೆ 12 ನಿಮಿಷ ಬರುತ್ತದೆ. ಓದುವ ಸಮಯವನ್ನು ಮರಳಿ ಸೇರಿಸಿದರೆ ‘ಎ’ ವಿಭಾಗದ ಪ್ರತಿ ಪ್ರಶ್ನೆಗೆ ಆರೂವರೆ ನಿಮಿಷದಂತೆ ಸುಮಾರು 85 ನಿಮಿಷ, ಪ್ರತಿ ಕೇಸಿಗೆ ಹದಿನಾಲ್ಕೂವರೆ ನಿಮಿಷದಂತೆ ‘ಬಿ’ ವಿಭಾಗಕ್ಕೆ 87 ನಿಮಿಷ. ಅಂಕ ಕಡಿಮೆಯಿದ್ದರೂ ‘ಬಿ’ ವಿಭಾಗಕ್ಕೆ ಹೆಚ್ಚು ಸಮಯ ಹೋಗುವುದು ಹೀಗೆ.

ನೀವು ‘ಎ’ ವಿಭಾಗದ ಪ್ರತಿ ಪ್ರಶ್ನೆಗೆ ಒಂಬತ್ತು ನಿಮಿಷಕ್ಕೂ ಹೆಚ್ಚು ಕೊಡುತ್ತಿದ್ದೀರಿ, ಅಂದರೆ ಒಟ್ಟು 35 ನಿಮಿಷ ಹೆಚ್ಚುವರಿಯಾಗಿ ಸುರಿಯುತ್ತಿದ್ದೀರಿ. ಆ ನಿಮಿಷಗಳಲ್ಲಿ ಏನು ಬರೆಯುತ್ತೀರಿ ಎಂದು ನಿಮ್ಮ ಹಳೆಯ ಉತ್ತರಗಳನ್ನೇ ತೆರೆದು ನೋಡಿ: ಮೂರನೆಯ ಉದಾಹರಣೆ, ಇನ್ನೊಬ್ಬ ಮಹನೀಯರ ಮಾತು, ಆರಂಭದಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವ ಮುಕ್ತಾಯ. ಇವುಗಳಿಂದ ಪ್ರಶ್ನೆಗೆ ಅರ್ಧ ಅಂಕ ಹೆಚ್ಚಿತೆಂದೇ ಇಟ್ಟುಕೊಂಡರೂ ಹದಿಮೂರು ಪ್ರಶ್ನೆಗಳಿಗೆ ಆರೂವರೆ ಅಂಕವಾಯಿತು. ಖಾಲಿ ಉಳಿದ ಎರಡು ಕೇಸ್‌ಗಳನ್ನು ಸಾಧಾರಣವಾಗಿ ಬರೆದು ಇಪ್ಪತ್ತಕ್ಕೆ ಎಂಟರಂತೆ ಪಡೆದರೂ ಹದಿನಾರು ಅಂಕ ಸಿಗುತ್ತಿತ್ತು. ಉತ್ತರದ ಮೊದಲ ನಿಮಿಷಗಳೇ ಹೆಚ್ಚು ಅಂಕ ತರುತ್ತವೆ, ಒಂದು ಹಂತದ ನಂತರದ ನಿಮಿಷಗಳು ಬಹುತೇಕ ಏನನ್ನೂ ತರುವುದಿಲ್ಲ.

ಆದ್ದರಿಂದ ನೀವು ‘ಬಿ’ ವಿಭಾಗವನ್ನೇ ಮೊದಲು ಬರೆಯಬೇಕೆಂದು ನನ್ನ ಸಲಹೆ. ಇದನ್ನು ಒಪ್ಪದವರು ಬಹಳ ಮಂದಿ ಇದ್ದಾರೆಂದು ಬಲ್ಲೆ. ಆದರೆ ಸಮಯ ಮೀರಿದಾಗ ‘ಎ’ ವಿಭಾಗದ ಪ್ರಶ್ನೆಯನ್ನು ನಾಲ್ಕೈದು ನಿಮಿಷಕ್ಕೆ ಕುಗ್ಗಿಸಲು ಬರುತ್ತದೆ. ಕೇಸ್ ಸ್ಟಡಿಯನ್ನು ಹಾಗೆ ಕುಗ್ಗಿಸಲು ಆಗುವುದಿಲ್ಲ, ಏಕೆಂದರೆ ಪೆನ್ನು ಕಾಗದಕ್ಕೆ ತಾಗುವ ಮುನ್ನವೇ ಎರಡೂವರೆ ನಿಮಿಷ ಕೊಡಲೇಬೇಕು. ದಣಿದ ಕೊನೆಯ ಅರ್ಧ ಗಂಟೆಯಲ್ಲಿ ಇಂಗ್ಲಿಷಿನ ಪ್ರಸಂಗವನ್ನು ಎರಡು ಸಲ ಓದಬೇಕಾಗಿ ಬಂದರಂತೂ ಆ ಎರಡೂವರೆ ಐದಾಗುತ್ತದೆ.

ಪರೀಕ್ಷೆ ಮಧ್ಯಾಹ್ನ 2:30ಕ್ಕೆ ಶುರುವಾಗುತ್ತದೆ ಎಂದುಕೊಂಡರೆ ನಿಮ್ಮ ಚೀಟಿಯಲ್ಲಿ ಇರಬೇಕಾದದ್ದು ನಾಲ್ಕೇ ಸಮಯ. 3:16ಕ್ಕೆ ಮೂರು ಕೇಸ್ ಮುಗಿದಿರಬೇಕು, 4:00ಕ್ಕೆ ಆರೂ ಮುಗಿದಿರಬೇಕು, 4:39ಕ್ಕೆ ‘ಎ’ ವಿಭಾಗದ ಆರು ಪ್ರಶ್ನೆ, 5:25ಕ್ಕೆ ಹದಿಮೂರೂ ಮುಗಿದಿರಬೇಕು. ಚೀಟಿಯನ್ನು ಒಳಗೆ ಒಯ್ಯುವಂತಿಲ್ಲ, ಆದ್ದರಿಂದ ಹತ್ತೊಂಬತ್ತು ಸಮಯಗಳ ಪಟ್ಟಿ ನಿಮಗೆ ನಿರುಪಯೋಗಿ. ಈ ನಾಲ್ಕನ್ನು ಬಾಯಿಪಾಠ ಮಾಡಿ, ಸಾಮಾನ್ಯ ಕೈಗಡಿಯಾರ ಕಟ್ಟಿಕೊಂಡು ಹೋಗಿ.

ಹಿಂದೆ ಬಿದ್ದರೆ ಏನು ಮಾಡಬೇಕೆಂಬುದೂ ಮೊದಲೇ ತೀರ್ಮಾನವಾಗಿರಬೇಕು. ಕೇಸಿನ ಹದಿನಾಲ್ಕೂವರೆ ನಿಮಿಷ ಮುಗಿದಾಗ ನೀವು ಇನ್ನೂ ಆಯ್ಕೆಗಳ ಸಾಧಕ ಬಾಧಕಗಳಲ್ಲೇ ಇದ್ದರೆ, ಅಧಿಕಾರಿಯಾಗಿ ನೀವು ಏನು ಮಾಡುವಿರಿ, ಯಾಕೆ ಎಂಬ ಎರಡು ವಾಕ್ಯ ಬರೆದು ಮುಂದಕ್ಕೆ ಹೋಗಿ. ಪ್ರತಿ ಉತ್ತರಕ್ಕೂ ಪುಸ್ತಿಕೆಯಲ್ಲಿ ಗೊತ್ತಾದ ಜಾಗವಿರುವುದರಿಂದ ಸಮಯ ಮಿಕ್ಕರೆ ಮರಳಿ ಬರಬಹುದು. 4:39ಕ್ಕೆ ಆರರ ಬದಲು ನಾಲ್ಕೇ ಪ್ರಶ್ನೆ ಮುಗಿದಿದ್ದರೆ 46 ನಿಮಿಷಕ್ಕೆ ಒಂಬತ್ತು ಪ್ರಶ್ನೆ ಉಳಿದಿವೆ. ಆಗ ಎರಡನ್ನು ಬಿಟ್ಟುಬಿಡುವುದಲ್ಲ, ಒಂಬತ್ತಕ್ಕೂ ಐದೈದು ನಿಮಿಷ ಕೊಡುವುದು. ಏನೂ ಗೊತ್ತಿಲ್ಲದ ಪ್ರಶ್ನೆಗೆ ಮಾತ್ರ ಮೂರು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ.

ಆರು ನಿಮಿಷದಲ್ಲಿ ಒಂದು ನಿಮಿಷ ಯೋಚನೆಗೆ ಹೋಗಿ, ನಿಮಿಷಕ್ಕೆ 18 ಪದದಂತೆ ಬರೆದರೂ ಆಗುವುದು 90 ಪದ. ಪ್ರಶ್ನೆಯಲ್ಲಿ 150 ಪದ ಎಂದಿದೆಯಲ್ಲ ಎಂದು ಗಾಬರಿಯಾಗಬೇಡಿ, ಅದು ಗರಿಷ್ಠ ಮಿತಿ. ವಿಭಕ್ತಿಯೂ ಅವ್ಯಯವೂ ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ ಅದೇ ವಿಷಯಕ್ಕೆ ಇಂಗ್ಲಿಷಿಗಿಂತ ಕಡಿಮೆ ಪದ ಸಾಕು. ನಿಮ್ಮ ವೇಗವನ್ನು ನೀವೇ ಅಳೆಯಬೇಕು, ಅದೂ ಬೆಳಿಗ್ಗೆ ತಾಜಾ ಕೈಯಲ್ಲಿ ಪಾಠ ನಕಲು ಮಾಡುತ್ತ ಅಲ್ಲ. 4ನೇ ಪತ್ರಿಕೆ ಬರುವುದು ಅದೇ ದಿನ ಬೆಳಿಗ್ಗೆ 3ನೇ ಪತ್ರಿಕೆಯನ್ನು ಮೂರು ಗಂಟೆ ಬರೆದ ಮೇಲೆ. ಎರಡನ್ನೂ ಒಂದೇ ದಿನ ಬರೆದು, ಮಧ್ಯಾಹ್ನದ ಕೊನೆಯ ಗಂಟೆಯ ಉತ್ತರಗಳ ಪದ ಎಣಿಸಿ. ಆ ಸಂಖ್ಯೆಯೇ ನಿಜವಾದದ್ದು.

ಪ್ರಶ್ನೆ: ಪ್ರಬಂಧ ಪತ್ರಿಕೆಗೂ ಇಂಥ ಚೀಟಿ ಮಾಡಿಕೊಡಿ.

ಉತ್ತರ: 125 ಅಂಕದ ಎರಡು ಪ್ರಬಂಧ, ಮೂರು ಗಂಟೆ. ಮೊದಲನೆಯದಕ್ಕೆ ಒಂದೂವರೆ ಗಂಟೆಯಾದ ಕೂಡಲೇ ನಿಲ್ಲಿಸಿ, ಬೇರೆ ಚೀಟಿ ಬೇಡ.

ಪ್ರಶ್ನೆ: ಹದಿನೈದು ದಿನದಲ್ಲಿ ಬರೆಯುವ ವೇಗ ಇಮ್ಮಡಿ ಮಾಡುತ್ತೇವೆ ಎನ್ನುವ ಕೋರ್ಸಿಗೆ ಸೇರಬಹುದೇ?

ಉತ್ತರ: ಸೇರಬೇಡಿ. ಉತ್ತರ ತಡವಾಗುವುದು ಹೆಚ್ಚಿನವರಿಗೆ ಬೆರಳಿನಿಂದಲ್ಲ, ಮುಂದಿನ ವಾಕ್ಯ ತಿಳಿಯದೆ ಪೆನ್ನು ನಿಲ್ಲುವುದರಿಂದ. ಅದನ್ನು ಅಕ್ಷರ ತಿದ್ದಿಸುವವರು ಸರಿಪಡಿಸಲಾರರು.