ಎಂಟನೇ ಕ್ಲಾಸಿಗೆ ಆರು ವಾರದ ಸ್ಕಿಪ್ಪಿಂಗ್: ನಿಧಾನವಾಗಿ ಶುರು ಮಾಡಿ ವೇಗ ಹೆಚ್ಚಿಸುವುದು ಹೇಗೆ?

*ಹೋದ ತಿಂಗಳಷ್ಟೇ ಪಿಟಿ ಮೇಷ್ಟ್ರಾಗಿ ಸೇರಿದ್ದೇನೆ. ಎಂಟನೇ ತರಗತಿಗೆ ವಾರಕ್ಕೆ ಎರಡು ಪೀರಿಯಡ್‌ನಂತೆ ಆರು ವಾರ ಸ್ಕಿಪ್ಪಿಂಗ್ ಮಾಡಿಸಬೇಕು ಅಂತಿದ್ದೇನೆ. ಮೊದಲು ನಿಧಾನವಾಗಿ ಆಡಿಸಿ ವಾರವಾರಕ್ಕೆ ವೇಗ ಹೆಚ್ಚಿಸೋ ಯೋಚನೆ. ಯಾವ ವಾರದಿಂದ ಸ್ಟಾಪ್‌ವಾಚ್ ಹಿಡಿಯಬಹುದು? ಒಂದೇ ಜಿಗಿತಕ್ಕೆ ಹಗ್ಗ ಎರಡು ಸುತ್ತು ಬರೋ ಡಬಲ್ ಅಂಡರ್‌ವರೆಗೂ ಹೋಗಬಹುದಾ?*

ಬೇಡ ಸರ್, ಆ "ನಿಧಾನವಾಗಿ" ಅನ್ನೋ ಮಾತನ್ನು ಮಕ್ಕಳ ಕಿವಿಗೇ ಹಾಕಬೇಡಿ. ನಾನು ಹಾಕಿ ಒಂದಿಡೀ ಟರ್ಮ್ ಕಳೆದುಕೊಂಡೆ.

ಹಾಸನದ ಕಡೆಯ ಒಂದು ಸರ್ಕಾರಿ ಹೈಸ್ಕೂಲು. ಕ್ಲಾಸಲ್ಲಿ 42 ಮಕ್ಕಳು, ಹಗ್ಗ 20. ಮೊದಲ ಎರಡು ವಾರ ಮೈದಾನದ ತುಂಬ ನನ್ನದೊಂದೇ ಕೂಗು, "ನಿಧಾನ, ನಿಧಾನ, ಆತುರ ಬೇಡ." ಮಕ್ಕಳೂ ಹಾಗೇ ಆಡಿದರು. ಯಾರ ಕಾಲಿಗೂ ಹಗ್ಗ ಸಿಕ್ಕುತ್ತಿರಲಿಲ್ಲ. ನನಗೋ ಭಾರೀ ಖುಷಿ. ಮೂರನೇ ವಾರ ಸ್ಟಾಪ್‌ವಾಚ್ ತಂದೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಹುಡುಗಿ 30 ಸೆಕೆಂಡಿಗೆ 41 ಸುತ್ತು ಹಾಕಿದಳು. ಎರಡು ವಾರ ಬಿಟ್ಟು ನೋಡಿದರೆ 43. ಟರ್ಮ್ ಮುಗಿಯುವಾಗ 44. ಅಷ್ಟಕ್ಕೇ ಮುಖ ಕೆಂಪಗಾಗಿ ಏದುಸಿರು ಬಿಡುತ್ತಿದ್ದಳು. ಉಳಿದವರದೂ ಅದೇ ಕಥೆ. ದಮ್ಮು ಸಾಲದು ಅಂದುಕೊಂಡು ಮೈದಾನ ಸುತ್ತಿಸಿದೆ. ಏನೂ ಆಗಲಿಲ್ಲ.

ಒಂದು ದಿನ ಹೊಂಗೆ ಮರದ ಕೆಳಗೆ ಅವರಿಗೆ ಬೆನ್ನು ಹಾಕಿ ಹಾಜರಿ ಬರೆಯುತ್ತಿದ್ದೆ. ಹಿಂದಿನಿಂದ ಸದ್ದು ಬಂತು: ಹಗ್ಗ "ಚಟ್", ಕಾಲು "ಟಪ್‌ಟಪ್". ಮತ್ತೆ ಚಟ್, ಟಪ್‌ಟಪ್. ಒಂದು ಸುತ್ತಿಗೆ ಎರಡು ಜಿಗಿತ! ಹಗ್ಗ ದಾಟಲು ಒಂದು, ಮುಂದಿನ ಸುತ್ತಿಗೆ ಕಾಯುತ್ತಾ ಇನ್ನೊಂದು. 41 ಸುತ್ತಿಗೆ ಆ ಹುಡುಗಿ 82 ಸಲ ನೆಲ ಬಿಟ್ಟಿದ್ದಳು. ಅಷ್ಟು ದಿನ ಕಣ್ಣಲ್ಲಿ ನೋಡುತ್ತಾ ಕೂತಿದ್ದವನಿಗೆ ಕಿವಿಯಿಂದ ಗೊತ್ತಾಯಿತು.

ತಪ್ಪು ಪೂರ್ತಿ ನನ್ನದೇ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಸ್ಕಿಪ್ಪಿಂಗಿಗೆ ಒಂದಿಂಚು ಎತ್ತರ ಜಿಗಿದರೆ ಸಾಕು. ಅಷ್ಟು ಜಿಗಿದರೆ ಕಾಲು ಗಾಳಿಯಲ್ಲಿರುವುದು ಒಂದು ಸೆಕೆಂಡಿನ ಏಳನೇ ಒಂದು ಪಾಲು ಮಾತ್ರ. ಹಗ್ಗವನ್ನು ನಿಮಿಷಕ್ಕೆ 60-70ರಂತೆ ನಿಧಾನ ತಿರುಗಿಸಿದರೆ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ಉಳಿದ ಹೊತ್ತು ಮಗು ಏನು ಮಾಡಬೇಕು? ಮುಂಗಾಲಿನ ಮೇಲೆ ನಿಂತ ಮೈ ಸ್ಪ್ರಿಂಗಿನ ಹಾಗೆ, ಕುಪ್ಪಳಿಸದೆ ಸುಮ್ಮನಿರದು. ತಾನಾಗಿಯೇ ಮಧ್ಯೆ ಒಂದು ಪುಟ್ಟ ಜಿಗಿತ ಸೇರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಕೆಲವು ಹುಡುಗರ ಹಾಗೆ ಹಿಮ್ಮಡಿ ಕುಂಡಿಗೆ ತಾಗುವಂತೆ ಅರ್ಧ ಅಡಿ ಮೇಲೆ ಹಾರುತ್ತದೆ. ಆಮೇಲೆ "ಸಾರ್, ಮೊಣಕಾಲ ಕೆಳಗೆ ಮುಂದುಗಡೆ ಮೂಳೆ ನೋವು" ಅಂತ ಬರುತ್ತಾರೆ. ನಾನು ನಿಧಾನ ಅಂದಿದ್ದಕ್ಕೇ ಎರಡು ಜಿಗಿತ ಹುಟ್ಟಿತು. ಎರಡು ವಾರ ಅದನ್ನೇ ಅಭ್ಯಾಸ ಮಾಡಿಸಿ ಗಟ್ಟಿ ಮಾಡಿದೆ, ಅದರ ಮೇಲೆ ವೇಗ ಕಟ್ಟಲು ಹೋದೆ. ಹೇಗೆ ನಿಲ್ಲುತ್ತದೆ?

ಹಾಗಾಗಿ ನಿಮ್ಮ ಯೋಜನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಮೊದಲ ವಾರ ಕಡಿಮೆ ಇರಬೇಕಾದ್ದು ಜಿಗಿತಗಳ ಸಂಖ್ಯೆ, ಹಗ್ಗದ ವೇಗವಲ್ಲ.

ಮುಂದಿನ ವರ್ಷ ಮಾಸ್ ಡ್ರಿಲ್ಲಿನ ಡ್ರಮ್ಮನ್ನು ಮೈದಾನಕ್ಕೆ ತಂದೆ. ಲೆಫ್ಟ್-ರೈಟ್ ನಡಿಗೆಯ ತಾಳ ನಿಮಿಷಕ್ಕೆ 120, ಅದು ನಿಮ್ಮ ಕೈಗೂ ಬಂದೇ ಇರುತ್ತದೆ. ಮೊದಲ ಪೀರಿಯಡ್ಡಲ್ಲಿ ಹಗ್ಗವೇ ಇಲ್ಲ, ಆ ಪೆಟ್ಟಿಗೆ ಸರಿಯಾಗಿ ಮುಂಗಾಲಲ್ಲಿ ಜಿಗಿಯುವುದಷ್ಟೇ. ಆಮೇಲೆ ಎರಡೂ ಹಿಡಿಕೆಯನ್ನು ಒಂದೇ ಕೈಯಲ್ಲಿ ಹಿಡಿದು ಹಗ್ಗವನ್ನು ಪಕ್ಕದಲ್ಲಿ ತಿರುಗಿಸುತ್ತಾ, ಅದು ನೆಲಕ್ಕೆ ಬಡಿದಾಗ ಜಿಗಿಯುವುದು. ಮೂರನೆಯದು ಒಂದೇ ಒಂದು ನಿಜವಾದ ಜಿಗಿತ. ಹಗ್ಗ ತಲೆ ಮೇಲಿಂದ ಬೀಸಿ ಬರಲಿ, ದಾಟಲಿ, ಮತ್ತೆ ಸುತ್ತಿ ಬಂದಾಗ ಕಾಲ್ಬೆರಳ ಕೆಳಗೆ ತುಳಿದು ನಿಲ್ಲಿಸಲಿ. ಅದು ಬಂದ ಮೇಲೆ ಎರಡು ಜಿಗಿದು ತುಳಿಯುವುದು, ಆಮೇಲೆ ಮೂರು, ಐದು, ಎಂಟು. ತಾಳ ಮಾತ್ರ 120 ಬಿಟ್ಟು ಇಳಿಯಬಾರದು. 120ರಲ್ಲಿ ಒಂದು ಸುತ್ತಿಗೆ ಅರ್ಧ ಸೆಕೆಂಡು. ಎರಡನೇ ಜಿಗಿತಕ್ಕೆ ಅಲ್ಲಿ ಜಾಗ ಸಿಗುವುದೇ ಕಷ್ಟ.

ಆ ಹುಡುಗಿ ಆಗ ಒಂಬತ್ತನೇ ಕ್ಲಾಸು. ಅವಳನ್ನು ಸರಿ ಮಾಡಲು ಮೂರು ವಾರ ಹಿಡಿಯಿತು. "ಒಂದೇ ಸಲ ಜಿಗಿ" ಅಂತ ಎಷ್ಟು ಕೂಗಿದರೂ ಉಪಯೋಗವಾಗಲಿಲ್ಲ. ತಾಳವನ್ನು 130ಕ್ಕೆ ಏರಿಸಿ ಐದೇ ಜಿಗಿತ, ನಿಲ್ಲು, ಮತ್ತೆ ಐದು ಅಂತ ಮಾಡಿಸಿದೆ. ಮೂರು ಸರಿಯಾಗಿ ಬರುತ್ತಿದ್ದವು. ನಾಲ್ಕನೆಯದಕ್ಕೆ ಹಗ್ಗ ಸುಸ್ತಾಗಿ ಹಳೇ ಟಪ್‌ಟಪ್ ವಾಪಸ್. ನೋಡಿದರೆ ಅವಳು ಮಣಿಕಟ್ಟಿನಿಂದ ತಿರುಗಿಸುತ್ತಲೇ ಇರಲಿಲ್ಲ, ಭುಜದಿಂದ ಬೀಸುತ್ತಿದ್ದಳು. ಹಗ್ಗವೂ ಉದ್ದ. ಹಗ್ಗದ ಮಧ್ಯೆ ಒಂದು ಕಾಲಿಟ್ಟು ಎಳೆದರೆ ಹಿಡಿಕೆ ಕಂಕುಳ ಹತ್ತಿರ ಬರಬೇಕು. ಅವಳದು ಕಿವಿ ಮುಟ್ಟುತ್ತಿತ್ತು. ಹಿಡಿಕೆ ಹತ್ತಿರ ಎರಡು ಗಂಟು ಹಾಕಿದೆ (ಕೈಗೆ ಸುತ್ತಿಕೊಳ್ಳಲು ಬಿಡಬೇಡಿ, ಮಣಿಕಟ್ಟು ತಿರುಗುವುದಿಲ್ಲ). ಎರಡೂ ಮೊಣಕೈ ಮತ್ತು ಪಕ್ಕೆಯ ನಡುವೆ ಒಂದೊಂದು ಕರ್ಚೀಫ್ ಸಿಕ್ಕಿಸಿ "ಬೀಳಿಸಬೇಡ" ಅಂದೆ. ಆ ವಾರವೇ ಹತ್ತು ದಾಟಿದಳು. ಟರ್ಮ್ ಕೊನೆಗೆ 30 ಸೆಕೆಂಡಿಗೆ 62.

ಮೂರನೇ ವಾರದ ಹೊತ್ತಿಗೆ 120ರಲ್ಲಿ ಸಿಕ್ಕಿಕೊಳ್ಳದೆ 30 ಜಿಗಿತ, ಅದೂ ಸತತ ಎರಡು ಸಲ, ಬಂದವರನ್ನು ಮುಂದಕ್ಕೆ ಬಿಡಿ. ಮಾರ್ಕು ಹಾಕುವಾಗ ಬೆನ್ನು ತಿರುಗಿಸಿ ನಿಂತು ಕೇಳಿ: "ಚಟ್, ಟಪ್" ಅಂದರೆ ಪಾಸು.

ಮುಂದೆ ಲಯ. ತಾಳ ಅದೇ, ಕಾಲು ಮಾತ್ರ ಬೇರೆ. ನಾಲ್ಕು ಜಿಗಿತ ನೆಟ್ಟಗೆ, ನಾಲ್ಕು ಎಡಕ್ಕೆ-ಬಲಕ್ಕೆ, ನಾಲ್ಕು ಮುಂದೆ-ಹಿಂದೆ, ನಾಲ್ಕು ಒಂದೊಂದೇ ಕಾಲಲ್ಲಿ ಓಡಿದ ಹಾಗೆ. ಕೋಲಾಟ ಆಡಿದ ಮಕ್ಕಳು ಇದನ್ನು ನಮಗಿಂತ ಬೇಗ ಹಿಡಿಯುತ್ತಾರೆ, ಎಣಿಸಿ ಹೇಳುವುದೇ ಬೇಡ. ಕೊನೆಯ ಆ ಓಟದ ಹೆಜ್ಜೆಗೇ ಹೆಚ್ಚು ಹೊತ್ತು ಕೊಡಿ, ನಿಜವಾದ ವೇಗ ಬರುವುದು ಅದರಿಂದ. ಸ್ಪರ್ಧೆಗಳ ಸ್ಪೀಡ್ ಸುತ್ತಿನಲ್ಲೂ ಅದನ್ನೇ ಹಾಕುತ್ತಾರೆ, ಬಲಗಾಲು ಮಾತ್ರ ಎಣಿಸುತ್ತಾರೆ. ನೀವೂ ಹಾಗೇ ಎಣಿಸಿ, ಎರಡೂ ಕಾಲು ಎಣಿಸಲು ಹೋದರೆ ಕಣ್ಣು ತಪ್ಪುತ್ತದೆ.

ಸ್ಟಾಪ್‌ವಾಚ್ ಐದನೇ ವಾರದ ಎರಡನೇ ಪೀರಿಯಡ್ಡಿಗೆ ಮುಂಚೆ ಜೇಬಿನಿಂದ ತೆಗೆಯಬೇಡಿ. ತೆಗೆದರೂ ಹತ್ತೇ ಸೆಕೆಂಡು ಜೋರು, 30 ಸೆಕೆಂಡು ವಿಶ್ರಾಂತಿ, ಹೀಗೆ ನಾಲ್ಕು ಸಲ. ಹಗ್ಗ ಇಬ್ಬರು ಮಕ್ಕಳಿಗೆ ಒಂದರಂತೆ ಇದ್ದರೆ ಇದು ತಾನಾಗಿಯೇ ಹೊಂದುತ್ತದೆ: ಒಬ್ಬ ಆಡುವಾಗ ಇನ್ನೊಬ್ಬ ಎಣಿಸಲಿ. ಹತ್ತು ಸೆಕೆಂಡಿನಲ್ಲಿ ಒಮ್ಮೆಯೂ ಸಿಕ್ಕಿಕೊಳ್ಳದವರಿಗೆ ಮಾತ್ರ ಹದಿನೈದು, ಆಮೇಲೆ ಮೂವತ್ತು. ಒಮ್ಮೆ ಸಿಕ್ಕಿ ಮತ್ತೆ ಶುರು ಮಾಡಲು ಎರಡು ಸೆಕೆಂಡು ಹೋದರೆ 120ರ ಲೆಕ್ಕದಲ್ಲೇ ನಾಲ್ಕು ಸುತ್ತು ಹೋಯಿತು. ಕೈ ಬೀಸಿ ಅದನ್ನು ಗಿಟ್ಟಿಸಲಾಗುವುದಿಲ್ಲ.

ನನ್ನ ಆ ಎರಡನೇ ವರ್ಷದ ಕ್ಲಾಸಿನಲ್ಲೂ ಐದು ಜನ 30ರ ಗಡಿ ದಾಟಲಿಲ್ಲ. ಅವರನ್ನು ಗಡಿಯಾರದ ಮುಂದೆ ನಿಲ್ಲಿಸಲಿಲ್ಲ, ಐದು-ಎಂಟರ ಲೆಕ್ಕದಲ್ಲೇ ಆಡಿಸಿದೆ, ಸರದಿಯಲ್ಲಿ ಡ್ರಮ್ ಬಾರಿಸಲು ಕೊಟ್ಟೆ. ಬಾರಿಸಿ ಬಾರಿಸಿ ತಾಳ ಕೈಗೆ ಹತ್ತಿದ ಮೇಲೆ ಅವರಲ್ಲಿ ಇಬ್ಬರು ಕೊನೇ ವಾರ ದಾಟಿದರು.

ಡಬಲ್ ಅಂಡರ್ ಈ ಆರು ವಾರದಲ್ಲಿ ಬೇಡ. ಅದಕ್ಕೆ ಮಕ್ಕಳು ಮತ್ತೆ ಎತ್ತರ ಹಾರಲು ಶುರು ಮಾಡುತ್ತಾರೆ, ಒಂದಿಂಚಿನ ಜಿಗಿತ ಕೆಡುತ್ತದೆ. ಮತ್ತೆ ನಿಮ್ಮ ಮೈದಾನ ಮಣ್ಣೋ ಕಾಂಕ್ರೀಟೋ ಬರೆದಿಲ್ಲ. ಕಾಂಕ್ರೀಟಾದರೆ ಬರಿಗಾಲಲ್ಲಿ ಆಡಿಸಬೇಡಿ.