ರಾತ್ರಿ ಏಳಬಾರದೆಂದು ನೀರು ಬಿಟ್ಟ ಹುಡುಗಿ

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿರುವ ತಾಯಿಯೊಬ್ಬರು, ಚಿಕ್ಕಮಗಳೂರಿನ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಿದ್ದ 17 ವರ್ಷದ ಮಗಳನ್ನು ನನ್ನ ಬಳಿಗೆ ಕರೆತಂದರು. ಹುಡುಗಿಯನ್ನು ಇಲ್ಲಿ ಸುಮ ಎನ್ನುತ್ತೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಅವಳಿಗೆ ಕೆಂಪು ರಕ್ತಕಣಗಳು ಬಾಗಿ ಗಟ್ಟಿಯಾಗುವ, ಹುಟ್ಟಿನಿಂದಲೇ ಬರುವ ಸಿಕಲ್ ಸೆಲ್ ಕಾಯಿಲೆಯಿರುವುದು ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ಆದರೆ ಆ ಕಾಯಿಲೆಯೆಂದರೆ ಕೈಕಾಲು ನೋವು ಮತ್ತು ರಕ್ತ ಕಡಿಮೆಯಾಗುವುದು ಎಂದಷ್ಟೇ ಮನೆಯವರು ತಿಳಿದಿದ್ದರು.

"ಮುಟ್ಟು ನಿಂತು ಹತ್ತು ದಿನ ಆಗಿಲ್ಲ ಮೇಡಂ, ಮತ್ತೆ ಕೆಂಪು ಹೋಗ್ತಿದೆ. ನಮ್ಮತ್ತೆ ಉಷ್ಣ ಅಂತಾರೆ, ಜೀರಿಗೆ ನೀರು ಕೊಟ್ವಿ," ಎಂದರು ತಾಯಿ. ಸುಮಳನ್ನು ಒಬ್ಬಳನ್ನೇ ಕೂರಿಸಿಕೊಂಡು, ಕೆಂಪು ಪ್ಯಾಡಿಗೆ ಅಂಟುತ್ತದೆಯೋ ಮೂತ್ರದಲ್ಲಿ ಮಾತ್ರ ಕಾಣುತ್ತದೆಯೋ ಎಂದು ಕೇಳಿದೆ. ಪ್ಯಾಡು ಸ್ವಚ್ಛವಾಗಿಯೇ ಇರುತ್ತದೆ, ನೋವೂ ಇಲ್ಲ, ಮೂತ್ರ ಮಾತ್ರ ಕೆಂಪು ಎಂದಳು. ಇದು ಮುಟ್ಟಲ್ಲ, ಮೂತ್ರಪಿಂಡದ ರಕ್ತವಿರಬಹುದು ಎಂಬ ಅನುಮಾನ ಅಲ್ಲಿಯೇ ಹುಟ್ಟಿತು.

ಇನ್ನಷ್ಟು ವಿಚಾರಿಸಿದಾಗ ಹಿಂದಿನದೆಲ್ಲ ಹೊರಬಂತು. ಹತ್ತು ವರ್ಷ ದಾಟಿದರೂ ಹಾಸಿಗೆ ಒದ್ದೆಯಾಗುತ್ತಿದ್ದುದಕ್ಕೆ ಅವಳು ಏಟು ತಿಂದಿದ್ದಳು. ಈಗಲೂ ರಾತ್ರಿ ನಾಲ್ಕು ಸಲ ಏಳಬೇಕು. ಹಾಸ್ಟೆಲ್‌ನ ಶೌಚಾಲಯ ಕತ್ತಲೆಯ ಅಂಗಳದಾಚೆ ಇದೆ, ಜೊತೆಯವರು ಗೊಣಗುತ್ತಾರೆ. ಆದ್ದರಿಂದ ಸಂಜೆ ಐದರ ನಂತರ ಅವಳು ನೀರನ್ನೇ ಮುಟ್ಟುತ್ತಿರಲಿಲ್ಲ. ಎರಡು ವಾರದೊಳಗೆ ಮೊಣಕಾಲ ಕೆಳಗೆ ತಡೆಯಲಾರದ ನೋವು ಬಂತು. ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಂದು ಆರು ದಿನ ನುಂಗಿದಳು. ಅದಾದ ಮೇಲೆ ಮೂತ್ರ ಕೆಂಪಾಯಿತು.

ತಾಯಿಗೆ ನಾನು ಮೊದಲು ವಿವರಿಸಿದ್ದು ಆ ಒದ್ದೆ ಹಾಸಿಗೆಯ ವಿಷಯವನ್ನೇ, ಏಕೆಂದರೆ ಮಗುವಿಗೆ ಬಿದ್ದ ಏಟುಗಳು ನನ್ನನ್ನು ಬಹಳ ನೋಯಿಸಿದ್ದವು. ಮೂತ್ರಪಿಂಡದ ಒಳಭಾಗದಲ್ಲಿ ಆಮ್ಲಜನಕ ಕಡಿಮೆ, ಉಪ್ಪಿನಂಶ ಹೆಚ್ಚು; ಅಲ್ಲಿಗೆ ಬಂದ ಸಿಕಲ್ ಕಣಗಳು ಕುಡುಗೋಲಿನಂತೆ ಬಾಗಿ ಕೂದಲಿಗಿಂತ ಸಣ್ಣ ರಕ್ತನಾಳಗಳನ್ನು ಕಟ್ಟಿಹಾಕುತ್ತವೆ. ನೀರನ್ನು ಹಿಂದಕ್ಕೆ ಎಳೆದು ಮೂತ್ರವನ್ನು ಗಟ್ಟಿಮಾಡುವ ಕೆಲಸ ನಡೆಯುವುದು ಅದೇ ಜಾಗದಲ್ಲಿ, ಮತ್ತು ಬಾಲ್ಯದಲ್ಲೇ ಕೆಡುವುದೂ ಅದೇ. ರಾತ್ರಿಯೆಲ್ಲ ನೀರು ಕುಡಿಯದೆ ಬೆಳಿಗ್ಗೆ ಕೊಟ್ಟ ಸುಮಳ ಮೂತ್ರದ ಸಾಂದ್ರತೆ 1.010 ಇತ್ತು, ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 1.020 ದಾಟುತ್ತದೆ. ಅಂದರೆ ಅವಳು ಕುಡಿಯಲಿ, ಬಿಡಲಿ, ನೀರು ಹೋಗುತ್ತಲೇ ಇರುತ್ತದೆ. ಕುಡಿಯದಿದ್ದರೆ ಒಣಗುವುದು ರಕ್ತ, ಆಗ ಕಣಗಳು ಇನ್ನಷ್ಟು ಬಾಗಿ ನೋವು ಬರುತ್ತದೆ.

ಅದೇ ಒಳಭಾಗದ ತುದಿಯ ಅಂಗಾಂಶ ರಕ್ತ ಸಿಗದೆ ಸತ್ತಾಗ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಬಹುಪಾಲು ಇದು ವಿಶ್ರಾಂತಿ ಮತ್ತು ನೀರಿನಿಂದಲೇ ನಿಲ್ಲುತ್ತದೆ. ಆದರೂ ಕಲ್ಲು, ಸೋಂಕು ಮತ್ತು ಅಪರೂಪಕ್ಕೆ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಸ್ಕ್ಯಾನಿಂಗ್ ಬಿಡುವಂತಿಲ್ಲ. ಆ ಗಡ್ಡೆ ಹೆಚ್ಚಾಗಿ ಕಾಣುವುದು ಕಾಯಿಲೆಯಿಲ್ಲದೆ ಅದರ ಒಂದು ಜೀನ್ ಮಾತ್ರ ಹೊತ್ತ ವಾಹಕರಲ್ಲಿ, ಆದ್ದರಿಂದ ವಾಹಕನಾದ ಅವಳ ಅಣ್ಣನಿಗೆ ಹೀಗಾದರೂ ಕಡೆಗಣಿಸಬಾರದು ಎಂದು ತಿಳಿಸಿದೆ. ಸುಮಳ ಸ್ಕ್ಯಾನಿಂಗ್‌ನಲ್ಲಿ ಗಡ್ಡೆಯಾಗಲಿ ಕಲ್ಲಾಗಲಿ ಇರಲಿಲ್ಲ. ಒಂದು ವಾರದಲ್ಲಿ ಮೂತ್ರ ತಿಳಿಯಾಯಿತು.

ರಕ್ತ ಹೋಗುತ್ತಿದ್ದಾಗ ಮಾಡಿದ ಪರೀಕ್ಷೆಯಲ್ಲಿ ಪ್ರೋಟೀನೂ ಕಂಡಿತ್ತು. ರಕ್ತವಿರುವಾಗ ಆ ಫಲಿತಾಂಶವನ್ನು ನಂಬಲಾಗದು, ಆದ್ದರಿಂದ ವೈದ್ಯರು ಮೂರು ವಾರ ಬಿಟ್ಟು ಬೆಳಗಿನ ಮೊದಲ ಮೂತ್ರವನ್ನೂ, ಎರಡು ತಿಂಗಳ ನಂತರ ಮತ್ತೊಮ್ಮೆಯೂ ಪರೀಕ್ಷಿಸಿದರು. ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೊರಹೋಗುವ ಕಸವಾದ ಕ್ರಿಯಾಟಿನಿನ್‌ನ ಒಂದು ಗ್ರಾಂಗೆ ಅಲ್ಬುಮಿನ್ ಎಂಬ ಪ್ರೋಟೀನು 210 ಮಿಲಿಗ್ರಾಂ, ಅನಂತರ 190; ಇರಬೇಕಾದದ್ದು 30ಕ್ಕಿಂತ ಕಡಿಮೆ. ಸೋರಿಕೆ ನಿಜವೇ ಆಗಿತ್ತು, ಅದನ್ನು ತಗ್ಗಿಸಲು ಮಾತ್ರೆ ಬೇಕೆಂದು ವೈದ್ಯರು ಹೇಳಿದರು.

"ರಕ್ತದ ಕ್ರಿಯಾಟಿನಿನ್ 0.5 ಇದೆ, ನಾರ್ಮಲ್ ಅಂತ ಬರೆದಿದ್ದಾರಲ್ಲ ಮೇಡಂ, ಮತ್ತೆ ಮಾತ್ರೆ ಯಾಕೆ?" ಎಂದು ತಂದೆ ಕೇಳಿದರು. ಈ ಪ್ರಶ್ನೆ ಬರದಿದ್ದರೆ ನಾನೇ ಎತ್ತುತ್ತಿದ್ದೆ. ಈ ಕಾಯಿಲೆಯಲ್ಲಿ ಮೂತ್ರಪಿಂಡದೊಳಗೆ ರಕ್ತ ಶೋಧಿಸುವ ಜರಡಿಗಳು ಎಳೆವಯಸ್ಸಿನಲ್ಲಿ ಅತಿಯಾಗಿ ದುಡಿಯುತ್ತವೆ, ಸ್ನಾಯು ಕಡಿಮೆ, ಕ್ರಿಯಾಟಿನಿನ್ ಮೂತ್ರಕ್ಕೆ ಹೆಚ್ಚಾಗಿಯೇ ಹೋಗುತ್ತದೆ. ಆದ್ದರಿಂದ ರಕ್ತದಲ್ಲಿ ಅದು ಕಡಿಮೆಯೇ ಕಾಣುತ್ತದೆ. ಅದು ಏರುವ ಹೊತ್ತಿಗೆ ಜರಡಿ ಬಹಳಷ್ಟು ಹಾಳಾಗಿರುತ್ತದೆ, ಅದಕ್ಕೇ ವರ್ಷಕ್ಕೊಮ್ಮೆ ಅಲ್ಬುಮಿನ್ ನೋಡಬೇಕು ಎಂದೆ.

ವೈದ್ಯರು ಸಣ್ಣ ಪ್ರಮಾಣದಲ್ಲಿ ಎನಾಲಪ್ರಿಲ್ ಎಂಬ ಆ ಮಾತ್ರೆ ಆರಂಭಿಸಿ, ಎರಡು ವಾರದಲ್ಲಿ ಪೊಟ್ಯಾಸಿಯಂ ಪರೀಕ್ಷಿಸಿದರು. ಮಾತ್ರೆಯಿಂದ ಅದು ಏರಬಹುದಾದ್ದರಿಂದ, ಪೊಟ್ಯಾಸಿಯಂ ಹೆಚ್ಚಿರುವ ಎಳನೀರನ್ನು ದಿನವೂ ಕೊಡುವ ಮುನ್ನ ವೈದ್ಯರನ್ನು ಕೇಳಬೇಕೆಂದು ತಾಯಿಗೆ ಹೇಳಿದೆ. ಈ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯಕಾರಿ, ಮುಂದೆ ಬಸಿರಾಗುವ ಯೋಚನೆ ಬಂದಾಗ ಮೊದಲೇ ವೈದ್ಯರಿಗೆ ತಿಳಿಸಬೇಕು ಎಂಬುದನ್ನು ಸುಮಳಿಗೇ ಹೇಳಿದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು, ಅವನ್ನು ಅಂಗಡಿಯಿಂದ ತರಲೇಬಾರದು. ಮೂತ್ರದಲ್ಲಿ ಹೆಪ್ಪುಗಟ್ಟಿದ ರಕ್ತ ಬಂದರೆ, ಮೂತ್ರ ಕಟ್ಟಿದರೆ, ಪಕ್ಕೆನೋವಿನೊಡನೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಬರಬೇಕು.

ವಾರ್ಡನ್‌ಗೆ ವೈದ್ಯರ ಪತ್ರ ಬರೆಸಿದೆವು: ತರಗತಿಯಲ್ಲೂ ಹಾಸಿಗೆಯ ಬಳಿಯೂ ನೀರಿನ ಬಾಟಲಿ ಇರಲಿ, ಕೇಳಿದಾಗ ಹೊರಗೆ ಬಿಡಿ, ಶೌಚಾಲಯದ ಹತ್ತಿರದ ಕೊಠಡಿ ಕೊಡಿ. ಆರು ತಿಂಗಳಿಗೆ ಅಲ್ಬುಮಿನ್ 95ಕ್ಕೆ ಇಳಿದಿತ್ತು. ರಾತ್ರಿ ಏಳುವುದು ಮಾತ್ರ ನಿಂತಿಲ್ಲ. ಮೂತ್ರವನ್ನು ಗಟ್ಟಿಮಾಡುವ ಶಕ್ತಿ ಈ ವಯಸ್ಸಿನಲ್ಲಿ ಮರಳುವುದಿಲ್ಲವೆಂದು ಅವಳಿಗೆ ನೇರವಾಗಿಯೇ ತಿಳಿಸಿದ್ದೇನೆ. ವಾರ್ಡನ್ ಅಂಗಳಕ್ಕೆ ಬಲ್ಬು ಹಾಕಿಸಿದ್ದಾರೆ, ಸುಮ ಈಗ ಮಲಗುವ ಮುನ್ನವೂ ನೀರು ಕುಡಿಯುತ್ತಾಳೆ.